ಮಾತ್ರೆಗೆ ಮೊದಲು ಚಿತ್ರ

ಬೀದರ್ ಕಡೆಯಿಂದ ವಿಕಾರಾಬಾದ್ ದಾಟಿ ಬರುವ ರೈಲು ಲಿಂಗಂಪಲ್ಲಿಯಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನ ಮೇಲೆ ಮೂರು ಮಾತು ಒಟ್ಟಿಗೆ ಕೇಳುತ್ತವೆ: ಕನ್ನಡ, ತೆಲುಗು, ದಖನಿ. ಮೂರರಲ್ಲೂ ಬಳಕೆಯಲ್ಲಿರುವ ಒಂದು ರೋಗದ ಹೆಸರು ಲಕ್ವ. ಅರಬ್ಬಿಯಲ್ಲಿ ಈ ಮಾತಿಗೆ ಮುಖ ಸೊಟ್ಟಗಾಗುವುದು ಎಂದಷ್ಟೇ ಅರ್ಥ. ನಮ್ಮ ಕಡೆ ಬಂದು ಅದು ಕೈಕಾಲಿಗೂ ಮಾತಿಗೂ ಹಬ್ಬಿತು. ಹಳೆಯ ಮೈಸೂರಿನವರು ಪಾರ್ಶ್ವವಾಯು ಎನ್ನುತ್ತಾರೆ, ಪತ್ರಿಕೆಗಳು ಮಿದುಳಿನ ಆಘಾತ ಎನ್ನುತ್ತವೆ. ಯಾವ ಹೆಸರನ್ನು ಹಿಡಿದರೂ ತೊಂದರೆ ಒಂದೇ: ಒಂದು ಹೆಸರಿನೊಳಗೆ ಎರಡು ರೋಗಗಳು ಕುಳಿತಿವೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು. ಇದು ಗೊತ್ತಿಲ್ಲದೆ ಪ್ರೀತಿಯಿಂದ ಮಾಡುವ ಉಪಚಾರವೇ ಎಷ್ಟೋ ಮನೆಗಳಲ್ಲಿ ಮೊದಲ ತಪ್ಪಾಗುತ್ತದೆ.

ಒಂದು ಸಂದರ್ಭ ಕಲ್ಪಿಸಿಕೊಳ್ಳಬಹುದು. ಲಿಂಗಂಪಲ್ಲಿಯ ಒಂದು ಅಪಾರ್ಟ್‌ಮೆಂಟು. ಭಾಲ್ಕಿ ಕಡೆಯ ದಂಪತಿ, ಕೆಲಸಕ್ಕೆಂದು ಬಂದು ಮೂವತ್ತು ವರ್ಷದಿಂದ ಇಲ್ಲೇ ನೆಲೆಸಿದವರು. ಗಂಡನಿಗೆ 64 ವರ್ಷ, ತೂಕ 68 ಕಿಲೋ. ಬಿ.ಪಿ. ಇದೆ, ಗುಳಿಗೆಯನ್ನು ನೆನಪಾದಾಗ ನುಂಗುತ್ತಾರೆ. ಬೆಳಿಗ್ಗೆ 6:10ಕ್ಕೆ ಹಾಲಿನವನ ಜತೆ ಲೆಕ್ಕದ ಬಗ್ಗೆ ಎರಡು ಮಾತಾಡಿ ಒಳಗೆ ಬಂದಿದ್ದಾರೆ. 6:40ಕ್ಕೆ ಬಲಗೈಯಿಂದ ಚಹಾದ ಕಪ್ಪು ಜಾರಿ ಬೀಳುತ್ತದೆ. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, "ಏನಾಯ್ತ್ರೀ, ಯಾಕ ಹಿಂಗ ಕುಂತೀರಿ?" ಎನ್ನುತ್ತಾರೆ. ಅವರು ಬಾಯಿ ತೆರೆದರೆ ತೊದಲು ಬರುತ್ತದೆ, ತುಟಿಯ ಬಲತುದಿ ಕೆಳಗೆ ಜಾರಿದೆ. ಬೀದರಿನಲ್ಲಿರುವ ಮೈದುನನಿಗೆ ಫೋನು ಹೋಗುತ್ತದೆ. ಅವನು ಪಟ್ಟನೆ ಹೇಳುತ್ತಾನೆ: "ವೈನಿ, ಲಗೂನ ಒಂದು ಆಸ್ಪಿರಿನ್ ಗುಳಿಗಿ ಚಪ್ಪರಿಸಲಿಕ್ಕೆ ಕೊಡ್ರಿ. ಬಿ.ಪಿ. ಗುಳಿಗಿನೂ ಒಂದು ಹೆಚ್ಚಿಗಿ ಕೊಡ್ರಿ."

ಮೈದುನ ಮೂರ್ಖನಲ್ಲ. ಎದೆನೋವು ಬಂದಾಗ ಆಸ್ಪಿರಿನ್ ಅಗಿಯಬೇಕು ಎಂಬುದನ್ನು ಎಲ್ಲೋ ಓದಿದ್ದಾನೆ, ಅದು ಸರಿಯಾದ ಮಾತೂ ಹೌದು. ಎದೆಗೆ ಹೇಳಿದ್ದನ್ನು ತಲೆಗೆ ಅನ್ವಯಿಸಿದ್ದಾನೆ, ಅಷ್ಟೇ. ಆದರೆ ಅಲ್ಲೇ ಇಡೀ ವಿಷಯದ ಗಂಟು ಇರುವುದು.

ನಾರಾಯಣಪುರದ ಎಡದಂಡೆಯದೋ ತುಂಗಭದ್ರೆಯದೋ ಕಾಲುವೆಯ ಕೊನೆಯ ಹೊಲದ ರೈತನನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಬೆಳಿಗ್ಗೆ ಅವನ ಹೊಲಕ್ಕೆ ನೀರು ಬಂದಿಲ್ಲ. ಮೇಲೆಲ್ಲೋ ಕಸಕಡ್ಡಿ ಕಟ್ಟಿಕೊಂಡು ತೂಬು ಮುಚ್ಚಿರಬಹುದು, ಇಲ್ಲವೇ ಮೇಲೆಲ್ಲೋ ಏರಿ ಒಡೆದು ನೀರು ಪಕ್ಕಕ್ಕೆ ನುಗ್ಗಿರಬಹುದು. ಬದುವಿನ ಮೇಲೆ ನಿಂತು ನೋಡುವವನಿಗೆ ಎರಡೂ ಒಂದೇ, ನೀರಿಲ್ಲ. ಕಸ ಕಟ್ಟಿದ್ದರೆ ಅದನ್ನು ಬಿಡಿಸಬೇಕು, ಅಲ್ಲಿಯವರೆಗೆ ನೀರಿನ ಒತ್ತಡ ಇಳಿಯಕೂಡದು. ಏರಿ ಒಡೆದಿದ್ದರೆ ಮೊದಲು ಒತ್ತಡ ಇಳಿಸಬೇಕು, ಒಡಕು ಮುಚ್ಚಬೇಕು. ಯಾವುದೆಂದು ನೋಡದೆ ಗೇಟು ತಿರುಗಿಸಿದವನು ಅರ್ಧ ಸಲವಾದರೂ ಹೊಲ ಕೆಡಿಸುತ್ತಾನೆ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ನಿಲ್ಲುವುದು ಮೊದಲ ಬಗೆ. ವೈದ್ಯರು ಇಸ್ಕೆಮಿಕ್ ಸ್ಟ್ರೋಕ್ ಎನ್ನುವುದು ಇದನ್ನೇ. ಹೆಚ್ಚಿನ ರೋಗಿಗಳಲ್ಲಿ ಆಗುವುದು ಇದು. ಹೆಪ್ಪು ಕುತ್ತಿಗೆಯ ದೊಡ್ಡ ನಾಳದ ಕೊಬ್ಬಿನ ಪದರದಿಂದ ಕಿತ್ತು ಬಂದಿರಬಹುದು, ತಾಳ ತಪ್ಪಿ ಬಡಿಯುವ ಹೃದಯದೊಳಗೆ ಕಟ್ಟಿ ಮೇಲೆ ಹಾರಿರಬಹುದು. ನಾಳವೇ ಒಡೆದು ರಕ್ತ ಮಿದುಳಿನ ಅಂಗಾಂಶದೊಳಗೆ ನುಗ್ಗುವುದು ಎರಡನೆಯ ಬಗೆ, ಹೆಮರೇಜಿಕ್ ಸ್ಟ್ರೋಕ್. ವರ್ಷಗಟ್ಟಲೆ ಹಿಡಿತಕ್ಕೆ ಬಾರದ ಬಿ.ಪಿ. ಮಿದುಳಿನ ಆಳದ ಕೂದಲೆಳೆಯಂಥ ನಾಳಗಳನ್ನು ಸವೆಸಿ ಒಂದು ದಿನ ಒಡೆಯುತ್ತದೆ. ಇದು ಕಡಿಮೆ ಜನರಿಗೆ ಆಗುತ್ತದೆ, ಆದರೆ ಆದವರಲ್ಲಿ ಸಾಯುವವರು ಹೆಚ್ಚು.

ಹೊರಗಿನಿಂದ ನೋಡಿ ಗುರುತಿಸಬಹುದೇ? ಜೋರು ತಲೆನೋವು, ವಾಂತಿ, ನೋಡನೋಡುತ್ತ ಪ್ರಜ್ಞೆ ಮಬ್ಬಾಗುವುದು, ಬಿ.ಪಿ. ಇನ್ನೂರು ದಾಟುವುದು, ಇವೆಲ್ಲ ರಕ್ತಸ್ರಾವದ ಕಡೆಗೆ ಬೆರಳು ತೋರಿಸುತ್ತವೆ. ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆಯ ವೈದ್ಯರು ಇಂಥ ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸುವ ಒಂದು ಲೆಕ್ಕವನ್ನೇ ಮಾಡಿದರು, 1991ರಲ್ಲಿ ಅದು ಪ್ರಕಟವಾಯಿತು. ಸ್ಕ್ಯಾನರ್ ಇಲ್ಲದ ಊರುಗಳಿಗೆ ಇದರಿಂದ ಆಸರೆಯಾದೀತೆಂಬ ಆಸೆ ಇತ್ತು. ಬೇರೆ ಬೇರೆ ಊರುಗಳಲ್ಲಿ ಪರೀಕ್ಷಿಸಿದಾಗ, ಅದರ ಮೇಲೆ ಭಾರ ಹಾಕಿ ಮದ್ದು ಕೊಡುವಷ್ಟು ನಂಬಿಕೆ ಬರಲಿಲ್ಲ. ಸಣ್ಣ ರಕ್ತಸ್ರಾವವಾದವರು ತಲೆನೋವಿಲ್ಲದೆ ಕೈಯೊಂದೇ ಸೋತು ಬರುತ್ತಾರೆ. ದೊಡ್ಡ ಹೆಪ್ಪು ಸಿಕ್ಕಿದವರು ವಾಂತಿ ಮಾಡಿ ಎಚ್ಚರ ತಪ್ಪುತ್ತಾರೆ. ಮೂವತ್ತು ವರ್ಷ ಅನುಭವವಿರುವ ನರರೋಗ ತಜ್ಞರೂ ಹಾಸಿಗೆಯ ಪಕ್ಕದಲ್ಲಿ ನಿಂತು ಊಹೆ ಮಾಡುತ್ತಾರೆಯೇ ಹೊರತು ಊಹೆಯ ಮೇಲೆ ಇಂಜೆಕ್ಷನ್ ಕೊಡುವುದಿಲ್ಲ.

ಇದನ್ನು ಬಿಡಿಸುವುದು ಸಿ.ಟಿ. ಸ್ಕ್ಯಾನ್ ಒಂದೇ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಮೊದಲ ಬಾರಿಗೆ ರೋಗಿಯ ತಲೆಯ ಚಿತ್ರ ತೆಗೆಯುವವರೆಗೆ, ಬದುಕಿರುವ ಮನುಷ್ಯನ ಮಿದುಳಿನಲ್ಲಿ ರಕ್ತ ಚೆಲ್ಲಿದೆಯೇ ಎಂದು ನೇರವಾಗಿ ನೋಡುವ ದಾರಿಯೇ ಇರಲಿಲ್ಲ. ಈಗ ಅದಕ್ಕೆ ಕೆಲವೇ ನಿಮಿಷ ಸಾಕು. ಚೆಲ್ಲಿದ ರಕ್ತ ಆ ಚಿತ್ರದಲ್ಲಿ ಮೊದಲ ಗಳಿಗೆಯಿಂದಲೇ ಬೆಳ್ಳಗೆ ಕಾಣುತ್ತದೆ.

ಇಲ್ಲಿ ಮನೆಯವರನ್ನು ತಬ್ಬಿಬ್ಬು ಮಾಡುವ ಒಂದು ಸಂಗತಿ ಇದೆ. ಹೆಪ್ಪಿನಿಂದಾದ ಲಕ್ವದಲ್ಲಿ ಮೊದಲ ಒಂದೆರಡು ಗಂಟೆಯ ಸಿ.ಟಿ. ಬಹಳ ಸಲ ಮಾಮೂಲಾಗಿಯೇ ಇರುತ್ತದೆ. ಸಾಯುತ್ತಿರುವ ಭಾಗ ಕಪ್ಪಾಗಿ ಕಾಣಲು ಹಲವು ಗಂಟೆ ಬೇಕು. "ಸ್ಕ್ಯಾನ್ ನಾರ್ಮಲ್ ಅದ" ಎಂದು ಯಾರೋ ಹೇಳಿದಾಗ ಮನೆಯವರು ನಿಟ್ಟುಸಿರು ಬಿಟ್ಟು ರೋಗಿಯನ್ನು ಮನೆಗೆ ಕರೆದೊಯ್ದ ಉದಾಹರಣೆಗಳಿವೆ. ಕೈ ಸೋತಿದೆ, ಮಾತು ಹೋಗಿದೆ, ಸಕ್ಕರೆ ಅಂಶ ಸರಿಯಿದೆ, ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರೆ ಅದರ ಅರ್ಥ ರೋಗವಿಲ್ಲ ಎಂದಲ್ಲ. ರಕ್ತ ಚೆಲ್ಲಿಲ್ಲ, ಹೆಪ್ಪು ಸಿಕ್ಕಿದೆ, ಅಂಗಾಂಶ ಇನ್ನೂ ಪೂರ್ತಿ ಸತ್ತಿಲ್ಲ ಎಂದು. ಮದ್ದು ಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ.

ಪೂರ್ತಿ ಸತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ತೂಬು ಮುಚ್ಚಿದ ದಿನ ಅದಕ್ಕೆ ತೀರ ಹತ್ತಿರದ ಬೆಳೆ ಬೇಗ ಒಣಗುತ್ತದೆ. ಸುತ್ತಲಿನದು ಪಕ್ಕದ ಹೊಲದ ಬಸಿನೀರಿನಿಂದ ಬಾಡಿಕೊಂಡೇ ಒಂದಷ್ಟು ಹೊತ್ತು ಉಸಿರು ಹಿಡಿದಿರುತ್ತದೆ. ಮಿದುಳಿನಲ್ಲೂ ಹೆಪ್ಪಿನ ನಡುಭಾಗ ನಿಮಿಷಗಳಲ್ಲಿ ಸಾಯುತ್ತದೆ. ಅದರ ಸುತ್ತ ಪಕ್ಕದ ನಾಳಗಳಿಂದ ಸಿಗುವ ಅಷ್ಟಿಷ್ಟು ರಕ್ತದಲ್ಲಿ ಕೆಲಸ ನಿಲ್ಲಿಸಿ, ಆದರೆ ಜೀವ ಉಳಿಸಿಕೊಂಡಿರುವ ಒಂದು ವಲಯವಿರುತ್ತದೆ. ರೋಗಿಯ ಕೈ ಎತ್ತಲಾಗದಿರುವುದಕ್ಕೆ ಈ ವಲಯದ ಮೌನವೂ ಕಾರಣ. ಉಳಿಸಬಹುದಾದದ್ದು ಅದನ್ನೇ. ದೊಡ್ಡ ನಾಳ ಮುಚ್ಚಿದ ಸಾಮಾನ್ಯ ರೋಗಿಯಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಇದು ಸರಾಸರಿ. ಬಸಿನೀರು ಚೆನ್ನಾಗಿರುವವರಲ್ಲಿ ವಲಯ ಹತ್ತಾರು ಗಂಟೆ ಉಳಿಯುತ್ತದೆ, ಇಲ್ಲದವರಲ್ಲಿ ಎರಡು ಗಂಟೆಗೇ ಮುಗಿಯುತ್ತದೆ. ಯಾರದು ಯಾವುದು ಎಂದು ಮನೆಯಲ್ಲಿ ಕುಳಿತು ಹೇಳಲಾಗದು.

ಮತ್ತೆ ಲಿಂಗಂಪಲ್ಲಿಯ ಮನೆಗೆ. ಮಗ ಹಾಸಿಗೆಯಿಂದ ಎದ್ದು ಬಂದಿದ್ದಾನೆ. ಎದುರು ಎರಡು ದಾರಿಗಳಿವೆ.

ಮೊದಲನೆಯದು ಎಲ್ಲರೂ ಹಿಡಿಯುವ ದಾರಿ. ಬೀದಿಯ ತಿರುವಿನಲ್ಲಿ ಪರಿಚಯದ ಸಣ್ಣ ನರ್ಸಿಂಗ್ ಹೋಮ್ ಇದೆ, ಐದೇ ನಿಮಿಷ. 7 ಗಂಟೆಗೆ ಅಲ್ಲಿರುತ್ತಾರೆ. ಡಾಕ್ಟರು ಎಂಟಕ್ಕೆ ಬರುತ್ತಾರೆ. ಅಷ್ಟರಲ್ಲಿ ಸಿಸ್ಟರ್ ಬಿ.ಪಿ. ನೋಡುತ್ತಾರೆ: 190/110. ಫೋನಿನಲ್ಲಿ ಕೇಳಿ ನಾಲಗೆಯ ಕೆಳಗೆ ಬಿ.ಪಿ. ಇಳಿಸುವ ಔಷಧ ಇಡುತ್ತಾರೆ, ಕೈಗೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಎಲ್ಲರಿಗೂ ಏನೋ ನಡೆಯುತ್ತಿದೆ ಎಂಬ ಸಮಾಧಾನ. ಡಾಕ್ಟರು ಬಂದು ನೋಡಿ, "ಸ್ಕ್ಯಾನಿಂಗ್ ಆಗಬೇಕು, ದೊಡ್ಡ ಆಸ್ಪತ್ರೆಗೆ ಹೋಗಿ" ಎನ್ನುವಾಗ 8:30. ಚೀಟಿ, ಬಿಲ್ಲು, ಗಾಡಿ ಆಗುವಾಗ 9. ಆ ಹೊತ್ತಿಗೆ ಗಚ್ಚಿಬೌಲಿ ಕಡೆ ಆಫೀಸಿಗೆ ಹೊರಟವರೆಲ್ಲ ರಸ್ತೆಯಲ್ಲಿರುತ್ತಾರೆ. ಮಳೆಯ ದಿನವಾದರೆ ಲಿಂಗಂಪಲ್ಲಿಯ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತು ಸುತ್ತಿಕೊಂಡು ಹೋಗಬೇಕು. ಆಸ್ಪತ್ರೆ ತಲುಪುವಾಗ 9:50, ಸ್ಕ್ಯಾನ್ ಮುಗಿಯುವಾಗ 10:20. ಹಾಲಿನವನ ಜತೆ ಮಾತಾಡಿ ನಾಲ್ಕು ಗಂಟೆ ಹತ್ತು ನಿಮಿಷ ಕಳೆದಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಸಾಮಾನ್ಯ ಗಡುವು ನಾಲ್ಕೂವರೆ ಗಂಟೆ. ಇಪ್ಪತ್ತು ನಿಮಿಷ ಉಳಿದಿದೆ, ಒಪ್ಪಿಗೆಗೆ ಇನ್ನೂ ಬೀದರಿನ ಹಿರಿಯರನ್ನು ಕೇಳಬೇಕಾಗಿದೆ.

ಎರಡನೆಯ ದಾರಿಯಲ್ಲಿ ಮಗ ಒಂದೇ ಪ್ರಶ್ನೆಯನ್ನು 108ಕ್ಕೋ ಎರಡು ಆಸ್ಪತ್ರೆಗಳ ತುರ್ತು ವಿಭಾಗಕ್ಕೋ ಫೋನು ಮಾಡಿ ಕೇಳುತ್ತಾನೆ: ಈಗ, ಈ ಗಳಿಗೆಯಲ್ಲಿ, ಸಿ.ಟಿ. ನಡೆಯುತ್ತಿದೆಯೇ, ಲಕ್ವದ ಇಂಜೆಕ್ಷನ್ ಕೊಡುವವರು ಇದ್ದಾರೆಯೇ? ಹೌದು ಎಂದವರ ಕಡೆಗೆ, ಹತ್ತಿರದ ನರ್ಸಿಂಗ್ ಹೋಮನ್ನು ದಾಟಿಕೊಂಡು, ನೇರ ಹೊರಡುತ್ತಾನೆ. 7ಕ್ಕೆ ಹೊರಟರೆ ರಸ್ತೆ ಇನ್ನೂ ಖಾಲಿ, 7:25ಕ್ಕೆ ತಲುಪುತ್ತಾರೆ. ಹೋಗುತ್ತಲೇ ಬೆರಳಿಗೆ ಚುಚ್ಚಿ ಸಕ್ಕರೆ ನೋಡುತ್ತಾರೆ, ಯಾಕೆಂದರೆ ಸಕ್ಕರೆ ಕುಸಿದರೂ ಥೇಟ್ ಲಕ್ವದಂತೆಯೇ ಕಾಣುತ್ತದೆ. 7:45ಕ್ಕೆ ಸ್ಕ್ಯಾನ್. ಬಿಳಿ ಇಲ್ಲ. ಬಿ.ಪಿ. 190/110 ಇರುವುದನ್ನು ಇಂಜೆಕ್ಷನ್ನಿಗೆ ಮುಂಚೆ 185/110ಕ್ಕಿಂತ ಕೆಳಗೆ, ನಿಧಾನವಾಗಿ, ನರದ ಮೂಲಕ ಕೊಡುವ ಔಷಧದಿಂದ ತರುತ್ತಾರೆ. ಅದೂ ಇಂಜೆಕ್ಷನ್ ಕೊಡಲಿರುವುದರಿಂದ. ಕೊಡುವುದಿಲ್ಲವೆಂದಿದ್ದರೆ ಹೆಪ್ಪಿನ ಲಕ್ವದಲ್ಲಿ 220/120ರವರೆಗೂ ಬಿ.ಪಿ.ಯನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಬಸಿನೀರು ಹರಿಯುವುದೇ ಆ ಒತ್ತಡದಿಂದ. ಇದನ್ನು ಕೇಳಿದರೆ ಮೈದುನನಿಗೆ ಆಶ್ಚರ್ಯವಾದೀತು.

8:10ಕ್ಕೆ ಇಂಜೆಕ್ಷನ್. ಆಲ್ಟೆಪ್ಲೇಸ್ ಆದರೆ ಕಿಲೋ ತೂಕಕ್ಕೆ 0.9 ಮಿಲಿಗ್ರಾಂ ಲೆಕ್ಕದಲ್ಲಿ 68 ಕಿಲೋಗೆ 61 ಮಿಲಿಗ್ರಾಂ. ಅದರಲ್ಲಿ ಹತ್ತನೆಯ ಒಂದು ಭಾಗ ಒಂದೇ ನಿಮಿಷದಲ್ಲಿ, ಮಿಕ್ಕದ್ದು ಒಂದು ಗಂಟೆಯಲ್ಲಿ ಹನಿಹನಿಯಾಗಿ. ಟೆನೆಕ್ಟೆಪ್ಲೇಸ್ ಆದರೆ ಕಿಲೋಗೆ 0.25ರಂತೆ 17 ಮಿಲಿಗ್ರಾಂ, ಒಂದೇ ಸಲಕ್ಕೆ. ತೂಕ ಗೊತ್ತಿಲ್ಲದಿದ್ದರೆ ಅಂದಾಜು ಮಾಡಬೇಕಾಗುತ್ತದೆ, ಅದಕ್ಕೇ ಆಸ್ಪತ್ರೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ತೂಕವೂ ಒಂದು. ಇನ್ನೊಂದು, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂಬುದು. ಹೃದಯದ ಕವಾಟಕ್ಕೋ ತಾಳ ತಪ್ಪಿದ್ದಕ್ಕೋ ಅಂಥ ಗುಳಿಗೆ ನುಂಗುತ್ತಿರುವವರಿಗೆ ಈ ಇಂಜೆಕ್ಷನ್ ಅಪಾಯಕಾರಿ ಆಗಬಹುದು. ಗುಳಿಗೆಯ ಪಟ್ಟಿಯನ್ನೇ ಜೇಬಿಗೆ ಹಾಕಿಕೊಂಡು ಹೋಗುವ ಮಗ ವೈದ್ಯರ ಹತ್ತು ನಿಮಿಷ ಉಳಿಸುತ್ತಾನೆ.

ಈ ಇಂಜೆಕ್ಷನ್ ಪವಾಡವಲ್ಲ. 1995ರಲ್ಲಿ ಅಮೆರಿಕದ ಪರೀಕ್ಷೆಯೊಂದು ಇದರ ಉಪಯೋಗವನ್ನು ಮೊದಲು ತೋರಿಸಿದಾಗ ಅನೇಕ ವೈದ್ಯರೇ ನಂಬಲಿಲ್ಲ. ಆಮೇಲೆ ಒಂಬತ್ತು ಪರೀಕ್ಷೆಗಳ 6,756 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಮೂರು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ನೂರಕ್ಕೆ 33 ಮಂದಿ ಹೆಚ್ಚುಕಡಿಮೆ ಮೊದಲಿನಂತಾದರು, ಮದ್ದಿಲ್ಲದವರಲ್ಲಿ 23. ಮೂರರಿಂದ ನಾಲ್ಕೂವರೆ ಗಂಟೆಯೊಳಗೆ ಸಿಕ್ಕವರಲ್ಲಿ ಈ ಹತ್ತರ ಅಂತರ ಐದಕ್ಕೆ ಇಳಿಯಿತು. ಅದರಾಚೆ ಲಾಭ ಕಾಣಲಿಲ್ಲ. ಅದೇ ಲೆಕ್ಕದಲ್ಲಿ ಮದ್ದು ಪಡೆದ ನೂರರಲ್ಲಿ ಆರೇಳು ಮಂದಿಗೆ ಮಿದುಳಿನಲ್ಲಿ ದೊಡ್ಡ ರಕ್ತಸ್ರಾವವಾಯಿತು, ಪಡೆಯದವರಲ್ಲಿ ಒಬ್ಬರಿಗೆ. ವೈದ್ಯರು ಸಹಿ ಕೇಳುವಾಗ ಹೆದರಿಸುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸುವುದು ಈ ಅಂಕಿಯಿಂದಲೇ. ಆದರೆ ಆ ರಕ್ತಸ್ರಾವದ ನಷ್ಟವನ್ನೂ ಕಳೆದ ಮೇಲೆ ಉಳಿದ ಲಾಭ ಆ ಹತ್ತು ಮಂದಿ. ಕುರ್ಚಿಯಲ್ಲಿ ಕೂರಿಸಿ ಊಟ ಮಾಡಿಸಬೇಕಾಗಿದ್ದವರು ತಾವೇ ತಿಂದು ತಟ್ಟೆ ತೊಳೆದಿಡುವವರಾಗುತ್ತಾರೆ.

ದೊಡ್ಡ ನಾಳವೇ ಮುಚ್ಚಿದ್ದರೆ ಇಂಜೆಕ್ಷನ್ ಒಂದೇ ಹಲವು ಸಲ ಸಾಲದು. ತೊಡೆಯ ಸಂದಿಯಿಂದ ತೆಳು ನಳಿಗೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ 2015ರ ಪರೀಕ್ಷೆಗಳ ನಂತರ ಗಟ್ಟಿಯಾಗಿ ನೆಲೆಗೊಂಡಿತು; 2018ರ ಎರಡು ಪರೀಕ್ಷೆಗಳು, ಉಳಿಸಬಹುದಾದ ವಲಯ ವಿಶೇಷ ಸ್ಕ್ಯಾನಿನಲ್ಲಿ ಕಂಡವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದೆಂದು ತೋರಿಸಿದವು. ಈ 24 ಎಂಬ ಸಂಖ್ಯೆ ಹೊರಗೆ ಬಂದು ಬೇರೆ ಅರ್ಥ ಪಡೆದುಕೊಂಡಿದೆ, "ಇನ್ನೂ ಟೈಮ್ ಇದೆ" ಎಂದು. ಅದು ಆಯ್ದ ಕೆಲವರಿಗೆ ಮಾತ್ರ ಸಲ್ಲುವ ಮಾತು, ಖರ್ಚೂ ಲಕ್ಷಗಳಲ್ಲಿ.

ಇಷ್ಟೂ ಸ್ಕ್ಯಾನಿನಲ್ಲಿ ಬಿಳಿ ಇಲ್ಲದಿದ್ದರೆ. 7:45ಕ್ಕೆ ಪರದೆಯ ಮೇಲೆ ಎಡಮಿದುಳಿನ ಆಳದಲ್ಲಿ ನೇರಳೆಹಣ್ಣಿನಷ್ಟು ಬಿಳಿ ಮಚ್ಚೆ ಕಂಡಿತು ಎಂದುಕೊಳ್ಳಬಹುದು. ಅದೇ ಮನುಷ್ಯ, ಅದೇ ಜಾರಿದ ಕಪ್ಪು, ಅದೇ ಸೊಟ್ಟ ತುಟಿ. ಈಗ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಕೊಲೆ. ಮನೆಯಲ್ಲಿ ಕೊಟ್ಟ ಆಸ್ಪಿರಿನ್ ಕೂಡ ಒಡಕು ಮುಚ್ಚಲು ಓಡಿ ಬರುವ ರಕ್ತದ ಕಣಗಳ ಕೈ ಕಟ್ಟುತ್ತದೆ, ಒಂದು ಗುಳಿಗೆಯ ಪರಿಣಾಮ ದಿನಗಟ್ಟಲೆ ಇರುತ್ತದೆ. ಇಲ್ಲಿ ಬಿ.ಪಿ.ಯನ್ನು ಬೇಗ, ಆದರೆ ಒಮ್ಮೆಲೇ ಕುಸಿಯದಂತೆ, ಮೇಲಿನ ಅಂಕಿ 140ರ ಆಸುಪಾಸಿಗೆ ತರಬೇಕು. ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಿದ್ದವರಿಗೆ ಅದರ ಪ್ರತಿಮದ್ದು ಕೊಡಬೇಕು. ಹಿಂದಲೆಯ ಕಿರುಮಿದುಳಿನಲ್ಲಿ ದೊಡ್ಡ ಸ್ರಾವವಾಗಿದ್ದರೆ ಶಸ್ತ್ರಚಿಕಿತ್ಸಕರನ್ನು ಕೂಡಲೇ ಕರೆಯಬೇಕು.

"ರಕ್ತ ಚೆಲ್ಲಿ ಆಗಿದೆ, ಇನ್ನು ಅವಸರ ಏತಕ್ಕೆ" ಎಂಬ ಮಾತು ಆಸ್ಪತ್ರೆಯ ಕಾರಿಡಾರುಗಳಲ್ಲಿ ಕೇಳುತ್ತದೆ, ಕೆಲವೊಮ್ಮೆ ಬಿಳಿ ಕೋಟಿನವರಿಂದಲೂ. ಅದು ತಪ್ಪು. ಏರಿ ಒಡೆದದ್ದು ಒಂದು ಕ್ಷಣದ ಘಟನೆಯಲ್ಲ. ಮೊದಲ ಗಂಟೆಗಳಲ್ಲಿ ಸ್ಕ್ಯಾನ್ ಮಾಡಿಸಿದವರನ್ನು ಮತ್ತೆ ಸ್ಕ್ಯಾನ್ ಮಾಡಿದರೆ ಸುಮಾರು ಮೂರರಲ್ಲೊಬ್ಬರ ಮಚ್ಚೆ ಬೆಳೆದಿರುತ್ತದೆ, ಆ ಬೆಳವಣಿಗೆಯ ಬಹುಪಾಲು ಮೊದಲ ಕೆಲವು ಗಂಟೆಗಳದ್ದೇ. ಬೆಳಿಗ್ಗೆ ಮಾತಾಡುತ್ತ ಆಸ್ಪತ್ರೆಗೆ ಬಂದವರು ಮಧ್ಯಾಹ್ನ ಎಚ್ಚರ ತಪ್ಪುವುದು ಇದರಿಂದ. ಗಡಿಯಾರ ಎರಡೂ ರೋಗಕ್ಕೆ ಒಂದೇ, ಗೇಟು ತಿರುಗಿಸುವ ದಿಕ್ಕು ಬೇರೆ.

ಇದು ಎಷ್ಟು ನಿಜ ಎಂಬುದಕ್ಕೆ 2024ರಲ್ಲಿ ಚೀನಾದಿಂದ ಒಂದು ಪುರಾವೆ ಬಂತು. ಲಕ್ವದ ಅನುಮಾನವಿದ್ದ, ಬಿ.ಪಿ. ಏರಿದ್ದ 2,404 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಆಂಬುಲೆನ್ಸಿನಲ್ಲೇ, ಸ್ಕ್ಯಾನಿಗೆ ಮೊದಲೇ, ಬಿ.ಪಿ. ಇಳಿಸುವ ಔಷಧ ಕೊಟ್ಟರು. ಉಳಿದವರಿಗೆ ಎಂದಿನ ಉಪಚಾರ. ಮೂರು ತಿಂಗಳ ಮೇಲೆ ನೋಡಿದರೆ ಒಟ್ಟಾರೆ ವ್ಯತ್ಯಾಸವೇ ಇಲ್ಲ. ಆದರೆ ಆಮೇಲಿನ ಸ್ಕ್ಯಾನಿನ ಪ್ರಕಾರ ಇಬ್ಭಾಗ ಮಾಡಿದಾಗ ರಕ್ತಸ್ರಾವದವರಿಗೆ ಲಾಭವಾಗಿತ್ತು, ಹೆಪ್ಪಿನವರಿಗೆ ಹಾನಿಯಾಗಿತ್ತು. ಎರಡೂ ಕೂಡಿ ಸೊನ್ನೆಯಾಗಿದ್ದವು. ನಾಲಗೆಯ ಕೆಳಗೆ ಗುಳಿಗೆ ಇಡಿಸುವ ಪ್ರತಿಯೊಬ್ಬ ಬಂಧುವೂ, ಪ್ರತಿಯೊಂದು ಸಣ್ಣ ನರ್ಸಿಂಗ್ ಹೋಮೂ ಕೇಳಬೇಕಾದ ಸಂಗತಿ ಇದು. ತರಬೇತಾದ ಸಿಬ್ಬಂದಿ, ಅಳತೆಯ ಮದ್ದು, ಎಲ್ಲ ಇದ್ದೂ ಚಿತ್ರವಿಲ್ಲದೆ ಮಾಡಿದ ಉಪಚಾರ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಂದ ಕಿತ್ತುಕೊಂಡಿತು.

ಇನ್ನು ಸರ್ಕಾರದ ಪಾಲು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗೆ ಹೃದಯದ ಇಂಜೆಕ್ಷನ್ ತಂದಿದೆ. ಎದೆನೋವಿನವರಿಗೆ ಇ.ಸಿ.ಜಿ. ತೆಗೆದು, ದೂರದ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಅಲ್ಲೇ ಟೆನೆಕ್ಟೆಪ್ಲೇಸ್ ಕೊಡುತ್ತಾರೆ. ಒಳ್ಳೆಯ ಕೆಲಸ. ಆ ಔಷಧದ ಹೆಸರನ್ನು ಓದುಗರು ಗಮನಿಸಿರಬಹುದು: ಲಕ್ವಕ್ಕೂ ಕೊಡುವುದು ಅದನ್ನೇ, ಅಳತೆ ಮಾತ್ರ ಬೇರೆ. ಹಾಗಿದ್ದರೆ ಅದೇ ಕಪಾಟಿನಿಂದ ತೆಗೆದು ಲಕ್ವದವರಿಗೂ ಕೊಡಬಾರದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೃದಯದ ನಾಳ ಮುಚ್ಚಿದ್ದನ್ನು ಎದೆಯ ಮೇಲೆ ತಂತಿ ಅಂಟಿಸುವ, ಕೈಯಲ್ಲಿ ಹೊತ್ತೊಯ್ಯಬಹುದಾದ ಪೆಟ್ಟಿಗೆಯೊಂದು ಹೇಳಿಬಿಡುತ್ತದೆ. ಮಿದುಳಿಗೆ ಅಂಥ ಪೆಟ್ಟಿಗೆ ಇಲ್ಲ. ಅಲ್ಲಿ ಕೋಟಿಗಟ್ಟಲೆ ಬೆಲೆಯ ಯಂತ್ರ, ಅದಕ್ಕೊಂದು ಕೋಣೆ, ರಾತ್ರಿಯೂ ಇರುವ ತಂತ್ರಜ್ಞ, ನಿಲ್ಲದ ವಿದ್ಯುತ್ತು ಬೇಕು. ಹೃದಯದ ಮಾದರಿಯನ್ನು ಮಿದುಳಿಗೆ ನಕಲು ಮಾಡಲು ಹೊರಟವರು ಇಂಜೆಕ್ಷನ್ ಖರೀದಿಯಿಂದ ಶುರು ಮಾಡಿದರೆ ತಲೆಕೆಳಗಾಗುತ್ತದೆ. ಶುರುವಾಗಬೇಕಾದದ್ದು ಸ್ಕ್ಯಾನರಿನ ರಾತ್ರಿ ಪಾಳಿಯಿಂದ.

ಆಗದ ಕೆಲಸವಲ್ಲ ಎಂಬುದನ್ನು ಹಿಮಾಚಲ ಪ್ರದೇಶ ತೋರಿಸಿದೆ. ನರತಜ್ಞರು ಶಿಮ್ಲಾ ಮತ್ತು ಟಾಂಡಾದ ವೈದ್ಯಕೀಯ ಕಾಲೇಜುಗಳಲ್ಲಿ ಮಾತ್ರ ಇದ್ದ ಆ ಬೆಟ್ಟದ ರಾಜ್ಯದಲ್ಲಿ 2014ರಲ್ಲಿ ಸರ್ಕಾರ ಸಿ.ಟಿ. ಇರುವ ಜಿಲ್ಲಾ ಆಸ್ಪತ್ರೆಗಳನ್ನು ಗುರುತಿಸಿತು. ಅಲ್ಲಿನ ವೈದ್ಯರಿಗೆ ತರಬೇತಿ ಕೊಟ್ಟು, ಸ್ಕ್ಯಾನಿನ ಚಿತ್ರವನ್ನು ಮೊಬೈಲಿನಲ್ಲಿ ತಜ್ಞರಿಗೆ ಕಳಿಸುವ ವ್ಯವಸ್ಥೆ ಮಾಡಿತು, ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟಿತು. ತಜ್ಞರ ಕಣ್ಣು ದೂರದಲ್ಲಿದ್ದರೆ ನಡೆಯುತ್ತದೆ, ಯಂತ್ರ ದೂರದಲ್ಲಿದ್ದರೆ ನಡೆಯುವುದಿಲ್ಲ. ಜರ್ಮನಿಯವರು 2008ರಲ್ಲಿ ಯಂತ್ರವನ್ನೇ ಆಂಬುಲೆನ್ಸಿಗೆ ಹತ್ತಿಸಿದರು, ನಮ್ಮಲ್ಲಿ ಅಸ್ಸಾಮಿನಲ್ಲೂ ಅದರ ಪ್ರಯೋಗ ನಡೆದಿದೆ. ಆದರೆ ಬೀದರ್, ಕಲಬುರಗಿ, ಜಹೀರಾಬಾದ್, ತಾಂಡೂರಿನಂಥ ಊರುಗಳಿಗೆ ಮೊದಲು ಬೇಕಾದದ್ದು ಹಿಮಾಚಲದ ಮಾದರಿಯೇ, ಅಗ್ಗವೂ ಅದೇ. ಈ ಊರುಗಳಲ್ಲಿ ಯಾರಿಗೆ ಲಕ್ವ ಹೊಡೆದರೂ ಬಂಧುಗಳು ಮೊದಲು ಆಡುವ ಮಾತು "ಹೈದರಾಬಾದಿಗೆ ಒಯ್ಯೋಣ". ಬೀದರಿನಿಂದ ಲಿಂಗಂಪಲ್ಲಿಯ ಅಂಚು ಮುಟ್ಟಲು ನೂರಕ್ಕೂ ಹೆಚ್ಚು ಕಿಲೋಮೀಟರ್. ಗಾಡಿ ಗೊತ್ತು ಮಾಡಿ, ದುಡ್ಡು ಹೊಂದಿಸಿ, ಹೆದ್ದಾರಿ ಹಿಡಿದು ಬರುವಾಗ ಗಡುವಿನ ಬಹುಪಾಲು ರಸ್ತೆಯಲ್ಲೇ ಕರಗಿರುತ್ತದೆ. ಊರಿನಲ್ಲೇ ಸಿ.ಟಿ. ಇದ್ದರೆ ಮೊದಲು ಅಲ್ಲಿ ಚಿತ್ರ ತೆಗೆಸಿ, ಇಂಜೆಕ್ಷನ್ ಸಿಗುವುದಾದರೆ ಪಡೆದು, ಆಮೇಲೆ ಹೈದರಾಬಾದಿಗೆ ಹೊರಡುವುದೇ ಸರಿಯಾದ ಕ್ರಮ. ದೊಡ್ಡ ಆಸ್ಪತ್ರೆಯ ಹೆಸರಿನ ಮೇಲಿನ ಭಕ್ತಿ ಇಲ್ಲಿ ರೋಗಿಯ ವಿರುದ್ಧ ಕೆಲಸ ಮಾಡುತ್ತದೆ.

ನಾಟಿ ಔಷಧದ ಮಾತನ್ನು ಬಿಡುವಂತಿಲ್ಲ. ಲಕ್ವಕ್ಕೆ ಹೆಸರಾದ ಔಷಧಿ ಕೊಡುವವರು ಈ ಸೀಮೆಯುದ್ದಕ್ಕೂ ಇದ್ದಾರೆ, ಅವರಿಂದ ವಾಸಿಯಾದೆ ಎನ್ನುವವರೂ ಪ್ರಾಮಾಣಿಕರೇ. ಆದರೆ ಬದುಕುಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಮೂರು ತಿಂಗಳಲ್ಲಿ ಮಿದುಳು ತಾನಾಗಿಯೇ ಒಂದಷ್ಟು ಸುಧಾರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕೊಟ್ಟಿದ್ದರೋ ಅವರಿಗೆ ಹೆಸರು. ಮೂರನೆಯ ವಾರ ಅಲ್ಲಿಗೆ ಹೋದರೆ ದೊಡ್ಡ ನಷ್ಟವಿಲ್ಲ, ನುಂಗುತ್ತಿರುವ ಬಿ.ಪಿ. ಗುಳಿಗೆ ಬಿಡಿಸದಿದ್ದರೆ. ಮೊದಲ ದಿನ ಬೆಳಿಗ್ಗೆ ಹೋದರೆ ಇದೆ.

ಹಾಗೆಯೇ ಬಂದು ಹೋದ ಲಕ್ವ. ಹತ್ತು ನಿಮಿಷ ಕೈ ಸೋತು, ಮಾತು ತೊದಲಿ, ಮತ್ತೆ ಎಲ್ಲ ಸರಿಯಾದರೆ ಮನೆಯವರು ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ. ಹೆಪ್ಪು ಸಿಕ್ಕಿ ತಾನಾಗಿ ಬಿಟ್ಟಿರುತ್ತದೆ, ಅಷ್ಟೇ. ಮುಂದಿನ ಎರಡು ದಿನಗಳಲ್ಲಿ ದೊಡ್ಡದು ಬರುವ ಸಂಭವ ಅತಿ ಹೆಚ್ಚು. ಆವತ್ತೇ ಸ್ಕ್ಯಾನ್ ಆಗಿ, ರಕ್ತಸ್ರಾವವಲ್ಲವೆಂದು ಖಾತ್ರಿಯಾದರೆ, ಆಗ ವೈದ್ಯರೇ ಆಸ್ಪಿರಿನ್ ಕೊಡುತ್ತಾರೆ. ಮೈದುನ ಹೇಳಿದ ಅದೇ ಗುಳಿಗೆ, ಚಿತ್ರದ ನಂತರ.

ಲಿಂಗಂಪಲ್ಲಿಯ ಆ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳಿದ ಮಾಹಿತಿ ಹೆಂಡತಿಯ ಬಾಯಿಂದ ಬಂದದ್ದು. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು "ಯಾವಾಗ ಶುರುವಾಯಿತು?" ಎಂದು ಕೇಳುವುದಿಲ್ಲ. "ಕೊನೆಯ ಬಾರಿ ಪೂರ್ತಿ ಸರಿಯಾಗಿದ್ದುದನ್ನು ನೋಡಿದ್ದು ಯಾವಾಗ?" ಎಂದು ಕೇಳುತ್ತಾರೆ. ಗಡಿಯಾರ ಶುರುವಾಗುವುದು ಅಲ್ಲಿಂದ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಏಳುವಾಗಲೇ ಕೈ ಸೋತಿದ್ದರೆ ಲೆಕ್ಕ ರಾತ್ರಿ ಹತ್ತರಿಂದ. ಆಗ ಗಡುವು ಮೀರಿದೆ ಎಂದಾಗುತ್ತದೆ, ಎಂ.ಆರ್.ಐ. ಮಾಡಿ ನೋಡುವ ಆಸ್ಪತ್ರೆ ಸಿಕ್ಕರೆ ಮಾತ್ರ ಕೆಲವರಿಗೆ ಇನ್ನೊಂದು ಅವಕಾಶ. ಈ ಮನೆಯಲ್ಲೂ ಮಗ ನಿದ್ದೆಗಣ್ಣಿನಲ್ಲಿ "ಎದ್ದಾಗಿಂದ ಹಿಂಗೇ ಇರಬೇಕು" ಎಂದುಬಿಟ್ಟಿದ್ದ. ತಾಯಿ ತಡೆದು ಹೇಳಿದರು: "ಇಲ್ಲೋ, ಆರೂ ಹತ್ತಕ್ಕ ಹಾಲಿನವನ ಕೂಡ ಲೆಕ್ಕ ಮಾತಾಡ್ಯಾರ. ನಾ ಕೇಳೀನಿ. ಎರಡು ರೂಪಾಯಿ ಹೆಚ್ಚಿಗಿ ಹಾಕೀದಿ ಅಂತ ಜಗಳಾನೂ ಆಡ್ಯಾರ." ವೈದ್ಯರು ಚೀಟಿಯ ಮೇಲೆ 6:10 ಎಂದು ಬರೆದುಕೊಂಡು ಗಾಲಿಮಂಚವನ್ನು ಸ್ಕ್ಯಾನ್ ಕೋಣೆಯ ಕಡೆಗೆ ತಿರುಗಿಸಿದರು.